ಮಾಳಮಡ್ಡಿಯ ಠೇವಣಿ, ನವನಗರದ ಸಾಲ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಸೋದರತ್ತೆ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಅವರಿಗೆ ಪಿಂಚಣಿ ಇಲ್ಲ. ಕೈಗೆ ಬಂದ ಇಪ್ಪತ್ತು ಲಕ್ಷ ರೂಪಾಯಿಯನ್ನು 2018ರ ಕೊನೆಯಲ್ಲಿ ಎರಡು ವರ್ಷದ ಮುದ್ದತಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರು. ಹಿರಿಯ ನಾಗರಿಕರ ಹೆಚ್ಚುವರಿ ಅರ್ಧ ಅಂಶವೂ ಸೇರಿ ಬಡ್ಡಿ ಶೇ 7.3 ಇತ್ತು. ವರ್ಷಕ್ಕೆ 1,46,000 ರೂಪಾಯಿ, ತಿಂಗಳ ಲೆಕ್ಕದಲ್ಲಿ ಹನ್ನೆರಡು ಸಾವಿರದ ಮೇಲೆ ಚಿಲ್ಲರೆ. 2020ರ ಕೊನೆಗೆ ಮುದ್ದತು ಮುಗಿದು ಪುನಃ ಒಂದು ವರ್ಷಕ್ಕೆ ಇಡಲು ಹೋದಾಗ ಸಿಕ್ಕಿದ್ದು ಶೇ 5.4. ತಿಂಗಳಿಗೆ ಒಂಬತ್ತು ಸಾವಿರ. ‘ನಾನು ಏನೂ ತಪ್ಪು ಮಾಡಿಲ್ಲವಲ್ಲ, ನನ್ನ ಮೂರು ಸಾವಿರ ಎಲ್ಲಿಗೆ ಹೋಯಿತು?’ ಎಂದು ಅವರು ನನ್ನನ್ನು ಕೇಳಿದರು. ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡಲು ಹೊರಟಾಗ ಹುಬ್ಬಳ್ಳಿ-ಧಾರವಾಡದ ಇನ್ನೂ ಮೂರು ಮನೆಗಳ ಲೆಕ್ಕ ಬಿಡಿಸಬೇಕಾಯಿತು. ಓದಲು ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ಮೊದಲು ಮುಂಬಯಿಯಲ್ಲಿ ನಡೆದದ್ದು. ಬ್ಯಾಂಕುಗಳಿಗೆ ತಾತ್ಕಾಲಿಕವಾಗಿ ಹಣ ಬೇಕಾದಾಗ ಭಾರತೀಯ ರಿಸರ್ವ್ ಬ್ಯಾಂಕ್ ಅವುಗಳಿಗೆ ಕೊಡುವ ಸಾಲದ ದರವೇ ರೆಪೊ. ಕೊರೊನಾ ಬಂದಾಗ, 2020ರ ಮಾರ್ಚ್‌ನಲ್ಲಿ ಈ ದರ ಶೇ 5.15ರಿಂದ 4.40ಕ್ಕೆ ಇಳಿಯಿತು, ಮೇ ತಿಂಗಳಲ್ಲಿ 4ಕ್ಕೆ. ಎರಡು ವರ್ಷ ಅಲ್ಲಿಯೇ ನಿಂತಿತು. ಅಂಗಡಿಗಳು ಮುಚ್ಚಿ, ಕೆಲಸ ಹೋಗುತ್ತಿದ್ದ ಹೊತ್ತಿನಲ್ಲಿ ಸಾಲ ಅಗ್ಗವಾದರೆ ಜನ ಖರ್ಚು ಮಾಡಿಯಾರು, ಉದ್ಯಮಗಳು ಉಸಿರಾಡಿಯಾವು ಎಂಬುದು ಉದ್ದೇಶ. ಆ ಉದ್ದೇಶವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಒಂದೇ ದರ ನಾಲ್ಕು ಮನೆಗಳಿಗೆ ನಾಲ್ಕು ಬಗೆಯಲ್ಲಿ ತಲುಪಿತು.

ನವನಗರದಲ್ಲಿ ನಮ್ಮ ಪರಿಚಯದ ಒಬ್ಬರು ಆಗಷ್ಟೇ ಮೂವತ್ತು ಲಕ್ಷ ಸಾಲ ಮಾಡಿ ಮನೆ ಕೊಂಡಿದ್ದರು. ಇಪ್ಪತ್ತು ವರ್ಷದ ಅವಧಿ, ಶೇ 8.15 ಬಡ್ಡಿ, ತಿಂಗಳ ಕಂತು 25,374 ರೂಪಾಯಿ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ದರದ ಹೊಸ ಮನೆ ಸಾಲಗಳನ್ನು ರೆಪೊದಂಥ ಹೊರಗಿನ ಅಳತೆಗೋಲಿಗೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಪರಿಷ್ಕರಿಸಬೇಕು ಎಂಬ ನಿಯಮ ಬಂದಿತ್ತು. ಹಾಗಾಗಿ ರೆಪೊ 1.15 ಅಂಶ ಇಳಿದಾಗ ಅವರ ದರವೂ ಅಷ್ಟೇ ಇಳಿದು ಶೇ 7ಕ್ಕೆ ಬಂದಿತು. ಕಂತನ್ನು ಕಡಿಮೆ ಮಾಡಿಸಿಕೊಂಡಿದ್ದರೆ 23,259 ರೂಪಾಯಿ ಕಟ್ಟಬಹುದಿತ್ತು. ಅವರು ಹಳೆಯ ಕಂತನ್ನೇ ಉಳಿಸಿಕೊಂಡರು. ದರ ಹಾಗೆಯೇ ಉಳಿದರೆ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮೊದಲೇ ತೀರುವ ಲೆಕ್ಕ ಅದು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸರಳ: ಉಳಿಸಿದವರಿಂದ ಕಿತ್ತು ಸಾಲಗಾರರಿಗೆ ಕೊಟ್ಟರು. ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುವುದೂ ಇದೇ. ನನಗೆ ಇದು ಅರ್ಧ ಸತ್ಯವಾಗಿ ಕಾಣುತ್ತದೆ. ಅತ್ತೆಯ ಸಹೋದ್ಯೋಗಿಯೊಬ್ಬರು 2020ರ ಫೆಬ್ರುವರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹದಿನೈದು ಲಕ್ಷ ಹಾಕಿದ್ದರು. ಅದರ ದರವನ್ನು ನಿಗದಿ ಮಾಡುವುದು ರಿಸರ್ವ್ ಬ್ಯಾಂಕ್ ಅಲ್ಲ, ಕೇಂದ್ರ ಸರ್ಕಾರ. ಆಗ ಅದು ಶೇ 8.6 ಇತ್ತು ಮತ್ತು ಐದು ವರ್ಷಕ್ಕೆ ಬದಲಾಗುವಂತಿರಲಿಲ್ಲ. ಏಪ್ರಿಲ್ 1ರಿಂದ ಹೊಸದಾಗಿ ಸೇರುವವರಿಗೆ ಶೇ 7.4 ಆಯಿತು. ಎರಡು ತಿಂಗಳ ಅಂತರದಲ್ಲಿ ಅದೇ ಹದಿನೈದು ಲಕ್ಷಕ್ಕೆ ವರ್ಷಕ್ಕೆ 18,000 ರೂಪಾಯಿ ವ್ಯತ್ಯಾಸ, ಅದೂ ಐದು ವರ್ಷ. ಇಬ್ಬರೂ ಉಳಿಸಿದವರೇ. ಒಬ್ಬರಿಗೆ ಬಿಸಿ ತಟ್ಟಿತು, ಇನ್ನೊಬ್ಬರಿಗೆ ತಟ್ಟಲಿಲ್ಲ. ನಷ್ಟವನ್ನು ನಿರ್ಧರಿಸುವುದು ಹಣ ಬ್ಯಾಂಕಿನಲ್ಲಿದೆಯೇ ಎಂಬುದಕ್ಕಿಂತ ಅದರ ಮುದ್ದತು ಎಂದು ಮುಗಿಯುತ್ತದೆ ಎಂಬುದು. ದರ ಇಳಿದ ಕಾಲದಲ್ಲಿ ಯಾರ ಠೇವಣಿ ಕೈಗೆ ಬರುತ್ತದೆಯೋ ಅವರು ಸಿಕ್ಕಿಬೀಳುತ್ತಾರೆ. ಭವಿಷ್ಯದ ಖರ್ಚು ಇಪ್ಪತ್ತು ವರ್ಷದ್ದಿದ್ದು, ಹಣವನ್ನು ಒಂದೆರಡು ವರ್ಷಕ್ಕೆ ಮಾತ್ರ ಕಟ್ಟಿಟ್ಟ ನಿವೃತ್ತರ ಸ್ಥಿತಿ ಇದು.

ಅತ್ತೆಯ ನಷ್ಟ ಮೂರು ಸಾವಿರಕ್ಕೆ ಮುಗಿಯಲಿಲ್ಲ. 2020-21ರಲ್ಲಿ ಗ್ರಾಹಕ ಬೆಲೆಗಳ ಏರಿಕೆ ಸರಾಸರಿ ಶೇ 6.2 ಇತ್ತು. ಬಡ್ಡಿಯನ್ನೆಲ್ಲ ಕಿರಾಣಿ, ಔಷಧಿಗೆ ಖರ್ಚು ಮಾಡಿದರೆ ಪಾಸ್‌ಬುಕ್ಕಿನಲ್ಲಿ ಇಪ್ಪತ್ತು ಲಕ್ಷ ಹಾಗೆಯೇ ಕಾಣುತ್ತದೆ, ಆದರೆ ಬೆಲೆಗಳು ಆ ವೇಗದಲ್ಲಿ ಒಂದು ವರ್ಷ ಏರಿದರೆ ಅದು ಹಿಂದಿನ ವರ್ಷದ 18.83 ಲಕ್ಷಕ್ಕೆ ಸಮ. ಅಂದರೆ ಕೈಗೆ ಬಂದ ಬಡ್ಡಿ 1,08,000, ಅಸಲಿನಲ್ಲಿ ಕಾಣದಂತೆ ಕರಗಿದ್ದು 1,17,000. ಅವರು ಬಡ್ಡಿ ತಿನ್ನುತ್ತಿದ್ದೇನೆ ಎಂದುಕೊಂಡಿದ್ದರು, ತಿನ್ನುತ್ತಿದ್ದುದು ಅಸಲನ್ನು. ಇದನ್ನು ಅವರಿಗೆ ವಿವರಿಸುವಾಗ ನನಗೆ ಬಹಳ ಸಂಕಟವಾಯಿತು.

ಮೂರನೆಯ ಮನೆ ಹಳೇ ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಹೆಂಗಸಿನದು. ಅವರ ಮೇಲಿರುವುದು ಸಂಘದ ಸಾಲ: ಐವತ್ತು ಸಾವಿರ, ಎರಡು ವರ್ಷ, ಶೇ 24 ಬಡ್ಡಿ. ತಿಂಗಳ ಲೆಕ್ಕಕ್ಕೆ ತಂದರೆ ಕಂತು 2,644 ರೂಪಾಯಿ. ಈ ದರಕ್ಕೂ ರೆಪೊಗೂ ನೇರ ಕಟ್ಟು ಇಲ್ಲ. ಕಿರುಸಾಲ ಕೊಡುವ ಸಂಸ್ಥೆಗೆ ಹಣ ತರುವ ಖರ್ಚಿನ ಜೊತೆಗೆ ಮನೆ ಮನೆಗೆ ಹೋಗಿ ವಸೂಲಿ ಮಾಡುವ ಖರ್ಚು, ಬಾರದ ಸಾಲದ ಖರ್ಚು ಎಲ್ಲವೂ ಆ ಬಡ್ಡಿಯೊಳಗೆ ಕೂತಿರುತ್ತವೆ. ಇರಲಿ, ಪೂರ್ತಿ ಎರಡು ಅಂಶ ಇಳಿದು ಶೇ 22 ಆಯಿತು ಎಂದೇ ಇಟ್ಟುಕೊಳ್ಳೋಣ. ಕಂತು 2,594 ಆಗುತ್ತದೆ. ಉಳಿತಾಯ ಐವತ್ತು ರೂಪಾಯಿ. ಸಾಲ ಚಿಕ್ಕದಾಗಿದ್ದು ಬೇಗ ತೀರುವಂಥದ್ದಾದರೆ ಬಡ್ಡಿ ಇಳಿಕೆಯ ಲಾಭ ಹಿಡಿಯಲು ಅದರಲ್ಲಿ ಜಾಗವೇ ಇರುವುದಿಲ್ಲ. ನವನಗರದ ಸಾಲಗಾರ ಗೆದ್ದದ್ದು ಸಾಲಗಾರನಾಗಿದ್ದಕ್ಕಷ್ಟೇ ಅಲ್ಲ. ದೊಡ್ಡದಾದ, ಉದ್ದದ, ಬದಲಾಗುವ ದರದ ಸಾಲ ಸಿಗುವಷ್ಟು ಸಂಬಳದ ಚೀಟಿ ಅವರ ಬಳಿ ಇತ್ತು.

ರೊಟ್ಟಿಯವರಿಗೆ ಲಾಭ ಬರುವ ದಾರಿ ಬೇರೆ. ಕಲ್ಯಾಣ ಮಂಟಪಗಳು ತೆರೆದು, ಖಾನಾವಳಿಗಳಲ್ಲಿ ಗಿರಾಕಿ ಬಂದು, ದಿನಕ್ಕೆ ಇನ್ನೂರು ರೊಟ್ಟಿಯ ಜಾಗದಲ್ಲಿ ಮುನ್ನೂರರ ಬೇಡಿಕೆ ಬಂದರೆ ಅದರ ಮುಂದೆ ಐವತ್ತು ರೂಪಾಯಿ ಯಾವ ಲೆಕ್ಕ? ಬಡ್ಡಿ ಏರಿಸಿ ಆರ್ಥಿಕತೆಗೆ ಕಡಿವಾಣ ಹಾಕಿದಾಗ ಮೊದಲು ಕೆಲಸ ಕಳೆದುಕೊಳ್ಳುವವರು ದಿನಗೂಲಿಯವರು ಮತ್ತು ಇಂಥ ಸಣ್ಣ ದುಡಿಮೆಯವರು. ಅಮೆರಿಕದ ಅಂಕಿಅಂಶಗಳ ಮೇಲೆ ಅರ್ಥಶಾಸ್ತ್ರಜ್ಞ ಒಲಿವಿಯೆ ಕೊಯ್ಬಿಯೊ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ, ಬಡ್ಡಿ ಬಿಗಿಯಾದಾಗ ಆದಾಯದ ಅಸಮಾನತೆ ಹೆಚ್ಚಿದ್ದು ಕಂಡುಬಂದಿತು. ಆದ್ದರಿಂದ ಅತ್ತೆಯ ನೋವನ್ನು ನೋಡಿ ಬಡ್ಡಿ ಇಳಿಸಬಾರದಿತ್ತು ಎಂದು ನಾನು ಹೇಳಲಾರೆ. ಆ ವರ್ಷ ಇಳಿಸದಿದ್ದರೆ ಬೆಲೆ ತೆರುತ್ತಿದ್ದವರು ರೊಟ್ಟಿ ಬಡಿಯುವ ಕೈಗಳೇ.

ನಾಲ್ಕನೆಯ ಮನೆಯವರ ಬಗ್ಗೆ ನಾವು ಕಡಿಮೆ ಮಾತನಾಡುತ್ತೇವೆ. ಕೊಪ್ಪೀಕರ ರಸ್ತೆಯಲ್ಲಿ ವರ್ಷಕ್ಕೆ ಆರು ಲಕ್ಷ ಬಾಡಿಗೆ ಬರುವ ಅಂಗಡಿಯೊಂದರ ಮಾಲೀಕರು ಎಂದುಕೊಳ್ಳಿ. ಬೇರೆಡೆ ಹಣ ಹಾಕಿದರೆ ಶೇ 8 ಸಿಗುವ ಕಾಲದಲ್ಲಿ ಆರು ಲಕ್ಷ ತರುವ ಆಸ್ತಿಗೆ ಕೊಳ್ಳುವವನು ಕೊಡುವುದು 75 ಲಕ್ಷ. ಬೇರೆಡೆ ಸಿಗುವುದು ಶೇ 6ಕ್ಕೆ ಇಳಿದರೆ ಅದೇ ಬಾಡಿಗೆಗೆ ಒಂದು ಕೋಟಿ ಕೊಟ್ಟರೂ ನಷ್ಟವಿಲ್ಲ. ಅಂಗಡಿಗೆ ಸುಣ್ಣವನ್ನೂ ಹಚ್ಚಿಲ್ಲ, ಬಾಡಿಗೆ ಒಂದು ರೂಪಾಯಿ ಏರಿಲ್ಲ, ಬೆಲೆ ಮಾತ್ರ ಇಪ್ಪತ್ತೈದು ಲಕ್ಷ ಹೆಚ್ಚಿತು. ಇದು ಅತಿ ಸರಳಗೊಳಿಸಿದ ಲೆಕ್ಕ. ನಿಜವಾದ ಪೇಟೆಯಲ್ಲಿ ಜಾಗದ ಬೆಲೆ ಬಡ್ಡಿಯ ಹಿಂದೆಯೇ ಓಡುವುದಿಲ್ಲ, ಲಾಕ್‌ಡೌನ್‌ನಲ್ಲಿ ಬಾಡಿಗೆಯೇ ಬಾರದ ಅಂಗಡಿಗಳೂ ಇದ್ದವು. ಷೇರುಗಳಲ್ಲಿ ಈ ಓಟ ವೇಗವಾಗಿ ಕಾಣುತ್ತದೆ. 2020ರ ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಬಿದ್ದಿದ್ದ ಸೆನ್ಸೆಕ್ಸ್ 2021ರ ಸೆಪ್ಟೆಂಬರ್‌ನಲ್ಲಿ 60,000 ದಾಟಿತು. ಅದಕ್ಕೆ ಬಡ್ಡಿಯೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣಗಳಲ್ಲಿ ಅದೂ ಒಂದು.

ಮಾಲೀಕರು ಅಂಗಡಿ ಮಾರದೆ ಬಾಡಿಗೆಯಲ್ಲೇ ಬದುಕುತ್ತಿದ್ದರೆ ಅವರ ಊಟ ಬದಲಾಗುವುದಿಲ್ಲ, ಇದು ಬರೀ ಕಾಗದದ ಸಂಪತ್ತು ಎಂದು ಕೆಲವರು ವಾದಿಸುತ್ತಾರೆ. ಆ ವಾದದಲ್ಲಿ ತಿರುಳಿದೆ. ಅತ್ತೆಯ ಮಾಳಮಡ್ಡಿಯ ಮನೆಯ ಬೆಲೆ ಏರಿದರೂ ಅವರು ಅದನ್ನು ಮಾರಿ ಎಲ್ಲಿಗೆ ಹೋಗಬೇಕು? ಆದರೆ ಎರಡನೆಯ ಆಸ್ತಿ ಇದ್ದವರಿಗೆ ಆ ಕಾಗದ ಕೆಲಸಕ್ಕೆ ಬರುತ್ತದೆ: ಅಡಮಾನ ಇಟ್ಟರೆ ದೊಡ್ಡ ಸಾಲ, ಅದೂ ಅಗ್ಗದ ಬಡ್ಡಿಗೆ. ಇನ್ನೂ ಮುಖ್ಯವಾದದ್ದು, ಆಸ್ತಿ ಇಲ್ಲದೆ ಕೊಳ್ಳಲು ಹೊರಟವರ ಸ್ಥಿತಿ. ಶೇ 8.15ರಲ್ಲಿ ಮೂವತ್ತು ಲಕ್ಷಕ್ಕೆ ಕಟ್ಟುತ್ತಿದ್ದ ಕಂತು ಶೇ 7ರಲ್ಲಿ 32.7 ಲಕ್ಷ ಸಾಲವನ್ನು ಹೊರುತ್ತದೆ. ಹಾಗಾಗಿ 37.5 ಲಕ್ಷದ ಮನೆ 40.9 ಲಕ್ಷಕ್ಕೆ ಏರಿದರೆ, ಅಂದರೆ ಶೇ 9ರಷ್ಟು ಹೆಚ್ಚಿದರೆ, ಹೊಸ ಖರೀದಿದಾರನ ಕಂತು ಮೊದಲಿನಷ್ಟೇ ಆಗುತ್ತದೆ. ಕೈಯಿಂದ ಹಾಕಬೇಕಾದ ಶೇ 20ರ ಪಾಲು 7.5 ಲಕ್ಷದಿಂದ 8.2 ಲಕ್ಷದ ಹತ್ತಿರಕ್ಕೆ ಹೋಗುತ್ತದೆ. ಬಡ್ಡಿ ಇಳಿದ ಲಾಭವೆಲ್ಲ ಮಾರಿದವನ ಜೇಬು ಸೇರಿ, ಕೊಂಡವನಿಗೆ ಮುಂಗಡದ ಭಾರ ಉಳಿಯಿತು.

ಈ ಎರಡು ದಾರಿಗಳಲ್ಲಿ, ಕೆಲಸದ್ದು ಮತ್ತು ಆಸ್ತಿಯದ್ದು, ಯಾವುದು ಮೇಲುಗೈ ಎಂಬುದನ್ನು ಡೆನ್ಮಾರ್ಕಿನಲ್ಲಿ ತೂಗಿ ನೋಡಿದ್ದಾರೆ. ಅಲ್ಲಿ ಜನರ ಆದಾಯ, ಸಾಲ, ಆಸ್ತಿಯ ಅಧಿಕೃತ ದಾಖಲೆಗಳನ್ನು ಹೊಂದಿಸಿ ನೋಡಲು ಸಾಧ್ಯವಿದೆ. ಬಡ್ಡಿ ಇಳಿದಾಗ ತಳದವರಿಗೂ ಲಾಭವಾಗಿತ್ತು, ಆದರೆ ಆದಾಯದ ಏಣಿಯಲ್ಲಿ ಮೇಲೆ ಹೋದಂತೆ ಶೇಕಡಾವಾರು ಲಾಭವೂ ಹೆಚ್ಚುತ್ತಾ ಹೋಗಿತ್ತು. ಅಮೆರಿಕದ ಉತ್ತರ ಒಂದು, ಡೆನ್ಮಾರ್ಕಿನದು ಇನ್ನೊಂದು. ಆಸ್ತಿ ಬೆಲೆಯ ಏರಿಕೆಯನ್ನು ಲೆಕ್ಕಕ್ಕೆ ಹಿಡಿದಿರೋ ಇಲ್ಲವೋ, ಸಾಲದ ದರ ಸ್ಥಿರವೋ ಬದಲಾಗುವಂಥದ್ದೋ ಎಂಬುದರ ಮೇಲೆ ಉತ್ತರ ತಿರುಗುತ್ತದೆ. ಸಂಬಳದ ಚೀಟಿಯೇ ಇಲ್ಲದ ರೊಟ್ಟಿಯವರಂಥವರ ಲೆಕ್ಕ ಡೆನ್ಮಾರ್ಕಿನಷ್ಟು ಚೊಕ್ಕವಾಗಿ ನಮ್ಮ ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ.

ಮುಂದೆ ಗಾಳಿ ತಿರುಗಿತು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ 4ರಿಂದ 6.5ಕ್ಕೆ ಏರಿತು. 2022ರ ಏಪ್ರಿಲ್‌ನಲ್ಲಿ ಶೇ 7ಕ್ಕೆ ಮೂವತ್ತು ಲಕ್ಷ ಪಡೆದು 23,259 ರೂಪಾಯಿ ಕಟ್ಟುತ್ತಿದ್ದವರ ದರ ಶೇ 9.5 ಆಯಿತು. ಆ ಹೊತ್ತಿಗೆ ಉಳಿದಿದ್ದ ಸುಮಾರು 29.7 ಲಕ್ಷ ಅಸಲಿನ ತಿಂಗಳ ಬಡ್ಡಿಯೇ 23,500 ರೂಪಾಯಿ. ಕಂತು ಬದಲಾಗದಿದ್ದರೆ, ಕಟ್ಟಿದಷ್ಟೂ ಸಾಲ ಬೆಳೆಯುತ್ತದೆ. ಇಂಥ ಪ್ರಸಂಗಗಳಿಗಾಗಿಯೇ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಚಾಚಬೇಕೋ ಎಂದು ಸಾಲಗಾರರನ್ನು ಕೇಳಬೇಕು ಎಂದು ಬ್ಯಾಂಕುಗಳಿಗೆ ಸೂಚಿಸಿತು. ನಿಮ್ಮ ಸಾಲ ಈ ಸ್ಥಿತಿಯಲ್ಲಿದೆಯೇ ಎಂದು ತಿಳಿಯಲು ಖಾತೆಯ ವಿವರದಲ್ಲಿ ಒಂದೇ ಸಾಲು ನೋಡಿದರೆ ಸಾಕು: ಈ ತಿಂಗಳು ಅಸಲಿಗೆ ಎಷ್ಟು ಜಮೆಯಾಯಿತು?

ಅತ್ತೆಯ ಬಡ್ಡಿ ಆ ಏರಿಕೆಯಲ್ಲಿ ಮತ್ತೆ ಶೇ 7ರ ಮೇಲೆ ಬಂದಿತು. ಈ ಸಲ ಅವರು ಇಪ್ಪತ್ತು ಲಕ್ಷವನ್ನು ಒಂದೇ ಚೀಟಿಯಲ್ಲಿ ಇಡಲಿಲ್ಲ. ನಾಲ್ಕು ಲಕ್ಷದಂತೆ ಐದು ಭಾಗ ಮಾಡಿ, ಒಂದರಿಂದ ಐದು ವರ್ಷದವರೆಗೆ ಒಂದೊಂದು ಮುದ್ದತಿಗೆ ಇಟ್ಟರು. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ಮತ್ತೆ 6.5ರಿಂದ 5.5ಕ್ಕೆ ಇಳಿದ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದಿದರು. ಆ ವರ್ಷ ಮುದ್ದತು ಮುಗಿಯುವುದಿದ್ದುದು ಐದರಲ್ಲಿ ಒಂದು ಚೀಟಿ ಮಾತ್ರ.