ಮ್ಯಾಟರ್ ಗುರುತಿರುವ ಸ್ವಿಚ್ ಕೊಂಡರೆ ಕಂಪನಿಯ ಹಂಗು ತಪ್ಪುತ್ತದೆಯೇ?

ಪ್ರಶ್ನೆ: ನಮ್ಮ ಮನೆಯ ವೈರಿಂಗ್ ಹೊಸದಾಗಿ ಮಾಡಿಸುತ್ತಿದ್ದೇವೆ. ನನ್ನದು ಆಂಡ್ರಾಯ್ಡ್ ಫೋನ್, ನನ್ನ ಹೆಂಡತಿಯದು ಐಫೋನ್. ಸ್ಮಾರ್ಟ್ ಸ್ವಿಚ್‌ಗಳನ್ನೆಲ್ಲ ಒಂದೇ ಕಂಪನಿಯದು ಹಾಕಿಸಿದರೆ ಒಂದೇ ಆ್ಯಪ್‌ನಲ್ಲಿ ಕೆಲಸ ಮುಗಿಯುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಸ್ನೇಹಿತರೊಬ್ಬರು ಮಾತ್ರ ಹಲವು ಕಂಪನಿಗಳಿಗೆ ಸಾಮಾನ್ಯವಾದ ಮ್ಯಾಟರ್ ಎಂಬ ಮಾನದಂಡದ ಗುರುತಿರುವುದನ್ನೇ ಕೊಳ್ಳಿ ಎನ್ನುತ್ತಾರೆ. ಹಾಗೆ ಕೊಂಡರೆ, ನಾಳೆ ಆ ಕಂಪನಿ ತನ್ನ ಆ್ಯಪ್ ನಿಲ್ಲಿಸಿದರೂ ಸ್ವಿಚ್ ಕೆಲಸ ಮಾಡುತ್ತದೆಯೇ?

ಉತ್ತರ: ದೀಪ ಹಚ್ಚುವುದು, ಆರಿಸುವುದು, ಬೆಳಕು ಹೆಚ್ಚು ಕಡಿಮೆ ಮಾಡುವುದು ಮೊದಲಾದ ಮೂಲ ಕೆಲಸಗಳ ಮಟ್ಟಿಗೆ ಹೌದು, ಕೆಲಸ ಮಾಡುತ್ತದೆ. ಆದರೆ ಪೆಟ್ಟಿಗೆಯ ಮೇಲಿನ ಗುರುತೊಂದೇ ಅದಕ್ಕೆ ಸಾಲದು. ಸಾಧನದ ಮೇಲೆ ಅಚ್ಚಾಗಿರುವ ಜೋಡಣೆಯ ಕೋಡ್ ನಿಮ್ಮ ಕೈಯಲ್ಲಿರಬೇಕು, ಮತ್ತು ಸಾಧನವು ತಯಾರಕರ ಆ್ಯಪ್ ಇಲ್ಲದೆ ಜೋಡಣೆಯಾಗುತ್ತದೆ ಎಂಬುದನ್ನು ನೀವೇ ಒಮ್ಮೆ ಮಾಡಿ ನೋಡಿರಬೇಕು.

ನಿಮ್ಮ ಆತಂಕಕ್ಕೆ ಆಧಾರವಿದೆ. ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದೆಡೆಯಿಂದ ನಡೆಸುವ ಪೆಟ್ಟಿಗೆಯಾದ ರಿವಾಲ್ವ್ ಎಂಬ ಹೋಮ್ ಹಬ್ಬನ್ನು ತಯಾರಿಸುತ್ತಿದ್ದ ಕಂಪನಿಯನ್ನು ಗೂಗಲ್ ಒಡೆತನದ ನೆಸ್ಟ್ 2014ರಲ್ಲಿ ಕೊಂಡುಕೊಂಡಿತು; 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನು ನಿಲ್ಲಿಸಿದಾಗ, ಸುಮಾರು 300 ಡಾಲರ್ ಕೊಟ್ಟು ತಂದ, ಕೆಟ್ಟಿರದ ಹಬ್‌ಗಳು ಒಂದೇ ದಿನದಲ್ಲಿ ನಿರುಪಯೋಗಿಯಾದವು. ತೀರ ಈಚಿನ ಉದಾಹರಣೆ ಇನ್ನೂ ಹೆಚ್ಚು ತಿಳಿಸಿಕೊಡುತ್ತದೆ. ಬೆಲ್ಕಿನ್ ಕಂಪನಿಯು ತನ್ನ ವೀಮೋ ಪ್ಲಗ್ ಮತ್ತು ಸ್ವಿಚ್‌ಗಳಲ್ಲಿ ಹೆಚ್ಚಿನವಕ್ಕೆ 2026ರ ಜನವರಿ 31ರಿಂದ ಆ್ಯಪ್ ಹಾಗೂ ಸರ್ವರ್ ಬೆಂಬಲ ಇರುವುದಿಲ್ಲವೆಂದು 2025ರ ಜುಲೈನಲ್ಲಿ ಪ್ರಕಟಿಸಿತು. ಆದರೆ ಅವುಗಳಲ್ಲಿ ಮನೆಯ ಸಾಧನಗಳನ್ನು ನಡೆಸುವ ಆಪಲ್‌ನ ವ್ಯವಸ್ಥೆಯಾದ ಹೋಮ್‌ಕಿಟ್‌ಗೆ ಮೊದಲೇ ಜೋಡಿಸಿಕೊಂಡಿದ್ದ ಸಾಧನಗಳು ಮುಂದೆಯೂ ಕೆಲಸ ಮಾಡುತ್ತವೆ ಎಂದೂ ಅದೇ ಪ್ರಕಟಣೆ ಹೇಳಿತ್ತು. ಒಂದೇ ತಯಾರಕರ ಸಾಧನಗಳಲ್ಲಿ ಕೆಲವು ಉಳಿದು ಕೆಲವು ನಿಂತುಹೋಗಲು ಕಾರಣ, ಫೋನಿನ ಆದೇಶ ಸಾಗುವ ದಾರಿ. ಹೋಮ್‌ಕಿಟ್‌ನಲ್ಲಿ ಆದೇಶವು ಮನೆಯ ವೈ-ಫೈ ಒಳಗೇ ಫೋನಿನಿಂದ ಪ್ಲಗ್‌ಗೆ ಹೋಗುತ್ತದೆ. ಉಳಿದ ಕಡೆ ಅದು ಕಂಪನಿಯ ಆ್ಯಪ್ ಇಲ್ಲವೇ ಸರ್ವರ್ ಮೂಲಕವೇ ಸಾಗಬೇಕಿತ್ತು.

ಮನೆಯೊಳಗಿನ ಈ ದಾರಿಯನ್ನು ಯಾವುದೇ ಒಂದು ಕಂಪನಿಯ ಸೊತ್ತಾಗಿ ಉಳಿಸದೆ ಎಲ್ಲರಿಗೂ ಸಾಮಾನ್ಯಗೊಳಿಸುವ ಮಾನದಂಡವೇ ಮ್ಯಾಟರ್. ಅಮೆಜಾನ್, ಆಪಲ್, ಗೂಗಲ್ ಮತ್ತು ಆಗ ಜಿಗ್‌ಬೀ ಅಲಯನ್ಸ್ ಎನ್ನಿಸಿಕೊಂಡಿದ್ದ ಒಕ್ಕೂಟ ಸೇರಿ 2019ರ ಡಿಸೆಂಬರಿನಲ್ಲಿ ಈ ಕೆಲಸವನ್ನು ಪ್ರಕಟಿಸಿದವು. ಮೊದಲ ಆವೃತ್ತಿ 2022ರ ಅಕ್ಟೋಬರಿನಲ್ಲಿ ಬಂತು. ಈಗ ಕನೆಕ್ಟಿವಿಟಿ ಸ್ಟ್ಯಾಂಡರ್ಡ್ಸ್ ಅಲಯನ್ಸ್ ಎಂಬ ಹೆಸರಿರುವ ಆ ಒಕ್ಕೂಟವೇ ಸಾಧನಗಳಿಗೆ ಪ್ರಮಾಣಪತ್ರ ಕೊಡುತ್ತದೆ. ‘ಅಲೆಕ್ಸಾದೊಂದಿಗೆ ಕೆಲಸ ಮಾಡುತ್ತದೆ’ ಎಂಬಂತಹ ಬರಹವನ್ನು ಮ್ಯಾಟರ್ ಗುರುತೆಂದು ಭಾವಿಸಬೇಡಿ. ಅಂತಹ ಬಹುಪಾಲು ಸಾಧನಗಳಲ್ಲಿ ಅಲೆಕ್ಸಾ ಮತ್ತು ಸ್ವಿಚ್‌ನ ನಡುವೆ ತಯಾರಕರ ಸರ್ವರ್ ಇದ್ದೇ ಇರುತ್ತದೆ, ಮತ್ತು ಅದು ನಿಂತ ದಿನ ಅಲೆಕ್ಸಾ ಕೂಡ ಆ ಸ್ವಿಚ್‌ನ ಪಾಲಿಗೆ ಮೌನವಾಗುತ್ತದೆ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ನಿಮ್ಮ ಮನೆಯ ಸ್ಥಿತಿಗೇ ಹೊಂದಿಸಿ ನೋಡೋಣ. ಹಾಲ್‌ನಲ್ಲಿ ಗೂಗಲ್‌ನ ಸ್ಮಾರ್ಟ್ ಸ್ಪೀಕರ್ ಆದ ಒಂದು ನೆಸ್ಟ್ ಮಿನಿಯೂ ಆಪಲ್‌ನ ಸ್ಮಾರ್ಟ್ ಸ್ಪೀಕರ್ ಆದ ಒಂದು ಹೋಮ್‌ಪಾಡ್ ಮಿನಿಯೂ ಇವೆ ಎಂದಿಟ್ಟುಕೊಳ್ಳಿ. ಮ್ಯಾಟರ್ ಸಾಧನಗಳನ್ನು ನಡೆಸಲು ಮನೆಯಲ್ಲಿ ತನ್ನ ಇಂತಹದೊಂದು ಹಬ್ ಇರಬೇಕೆಂದು ಗೂಗಲ್ ಹೇಳುತ್ತದೆ. ನೀವು ವೈ-ಫೈನಲ್ಲಿ ನಡೆಯುವ ಒಂದು ಮ್ಯಾಟರ್ ಪ್ಲಗ್ ತಂದಿದ್ದೀರಿ. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಒಂದು ಕ್ಯೂಆರ್ ಕೋಡ್, ಅದರ ಕೆಳಗೆ 11 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನಿನ ಗೂಗಲ್ ಹೋಮ್ ಆ್ಯಪ್‌ನಲ್ಲಿ ಆ ಕೋಡನ್ನು ಸ್ಕ್ಯಾನ್ ಮಾಡಿದಾಗ, ಫೋನ್ ಬ್ಲೂಟೂತ್ ಮೂಲಕ ಪ್ಲಗ್ಗನ್ನು ಹುಡುಕಿ, ಕೋಡ್ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಮನೆಯ ವೈ-ಫೈ ಹೆಸರು ಮತ್ತು ಪಾಸ್‌ವರ್ಡನ್ನು ಅದಕ್ಕೆ ತಿಳಿಸಿ, ಜೊತೆಗೆ ಒಂದು ಡಿಜಿಟಲ್ ಪ್ರಮಾಣಪತ್ರವನ್ನೂ ಕೊಡುತ್ತದೆ. ‘ಈ ಮನೆಯ ಗೂಗಲ್ ಹೋಮ್ ನಿನಗೆ ಆದೇಶ ಕೊಡಬಹುದು’ ಎಂಬ ಆ ಅನುಮತಿಯನ್ನು ಪ್ಲಗ್ ತನ್ನೊಳಗೇ ಉಳಿಸಿಕೊಳ್ಳುತ್ತದೆ. ಈ ಇಡೀ ಜೋಡಣೆಯಲ್ಲಿ ಪ್ಲಗ್ ತಯಾರಿಸಿದವರ ಬಳಿ ಖಾತೆ ತೆರೆಯುವ ಹಂತವೇ ಇಲ್ಲ ಎಂಬುದನ್ನು ಗಮನಿಸಿ.

ಹೀಗೆ ಒಂದು ವ್ಯವಸ್ಥೆಯ ಅಧೀನದಲ್ಲಿ ಸೇರಿದ ಸಾಧನಗಳ ಗುಂಪನ್ನು ಮ್ಯಾಟರ್‌ನಲ್ಲಿ ಫ್ಯಾಬ್ರಿಕ್ ಎನ್ನುತ್ತಾರೆ. ಪ್ರತಿಯೊಂದು ಸಾಧನವೂ ಕನಿಷ್ಠ 5 ಫ್ಯಾಬ್ರಿಕ್‌ಗಳಿಗೆ ಏಕಕಾಲದಲ್ಲಿ ಸೇರಲು ಶಕ್ತವಾಗಿರಬೇಕೆಂದು ಮಾನದಂಡವು ವಿಧಿಸುತ್ತದೆ. ಆದ್ದರಿಂದ ಮನೆಯಾಕೆಯ ಐಫೋನಿಗೂ ಅದೇ ಪ್ಲಗ್ ಸಿಗುತ್ತದೆ. ಗೂಗಲ್ ಹೋಮ್‌ನಲ್ಲಿ ಪ್ಲಗ್‌ನ ಸೆಟ್ಟಿಂಗ್ಸ್ ತೆರೆದು `Linked Matter apps & services` ಎಂಬಲ್ಲಿಗೆ ಹೋಗಿ ಜೋಡಣೆಯ ಕೋಡ್ ಕೇಳಿದರೆ, ಕೆಲವೇ ನಿಮಿಷ ಚಾಲ್ತಿಯಲ್ಲಿರುವ ಒಂದು ಹೊಸ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಐಫೋನಿನ ಹೋಮ್ ಆ್ಯಪ್‌ನಲ್ಲಿ ಹೊಸ ಸಾಧನ ಸೇರಿಸುವ ಜಾಗದಲ್ಲಿ ಆ ಸಂಖ್ಯೆಯನ್ನು ಹಾಕಿದರಾಯಿತು. ಮೊದಲು ಆಪಲ್‌ಗೆ ಜೋಡಿಸಿ ನಂತರ ಗೂಗಲ್‌ಗೆ ಸೇರಿಸುವುದಾದರೆ, ಆಪಲ್‌ನ ಆ್ಯಪ್‌ನಲ್ಲಿ ಇದೇ ಕೆಲಸ ಮಾಡುವ ಗುಂಡಿಗೆ `Turn On Pairing Mode` ಎಂಬ ಹೆಸರಿದೆ. ಮುಂದೆ ಎಂದಾದರೂ ಗೂಗಲ್ ಹೋಮ್‌ನಿಂದ ಪ್ಲಗ್ಗನ್ನು ತೆಗೆದುಹಾಕಿದರೆ ಆ ಒಂದು ಅನುಮತಿ ಮಾತ್ರ ಅಳಿಸಿಹೋಗುತ್ತದೆ. ಐಫೋನಿನಲ್ಲಿ ಅದು ಮೊದಲಿನಂತೆಯೇ ಇರುತ್ತದೆ.

ಚೀಟಿಯ ಮೇಲಿನ ಕೋಡ್‌ಗೂ ಈ ತಾತ್ಕಾಲಿಕ ಸಂಖ್ಯೆಗೂ ಇರುವ ವ್ಯತ್ಯಾಸ ತಿಳಿಯದೆ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಚೀಟಿಯ ಕೋಡ್ ಇನ್ನೂ ಯಾರಿಗೂ ಜೋಡಣೆಯಾಗದ ಸಾಧನಕ್ಕೆ ಮಾತ್ರ ಅನ್ವಯಿಸುತ್ತದೆ. ಈಗಾಗಲೇ ಗೂಗಲ್‌ಗೆ ಸೇರಿರುವ ಪ್ಲಗ್‌ನ ಚೀಟಿಯನ್ನು ಐಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಧನ ಸಿಗುತ್ತಿಲ್ಲವೆಂಬ ಉತ್ತರ ಬರುತ್ತದೆ, ಮತ್ತು ಜನರು ಪ್ಲಗ್ ಕೆಟ್ಟಿದೆಯೆಂದು ಅಂಗಡಿಗೆ ಮರಳಿಸುತ್ತಾರೆ. ಹಾಗೆಂದು ಜೋಡಣೆ ಮುಗಿದ ಮೇಲೆ ಚೀಟಿಯನ್ನು ಎಸೆಯುವಂತಿಲ್ಲ. ಎಲ್ಲ ಆ್ಯಪ್‌ಗಳೂ ಕೈಕೊಟ್ಟು, ಸಾಧನವನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಇನ್ನೊಂದು ವ್ಯವಸ್ಥೆಗೆ ಹೊಸದಾಗಿ ಸೇರಿಸಬೇಕಾದ ಸಂದರ್ಭದಲ್ಲಿ ಒಳಗೆ ಹೋಗುವ ದಾರಿ ಆ ಚೀಟಿಯೊಂದೇ. ಕೋಡ್ ಕಳೆದುಹೋದ ಮ್ಯಾಟರ್ ಸಾಧನವನ್ನು ರೀಸೆಟ್ ಮಾಡಿದರೆ, ಅದನ್ನು ಮತ್ತೆ ಸೇರಿಸಿಕೊಳ್ಳಲು ತಯಾರಕರ ಕೃಪೆಯನ್ನೇ ಕಾಯಬೇಕಾದೀತು.

ಆದ್ದರಿಂದ ಹತ್ತಾರು ಸ್ವಿಚ್ ಕೊಳ್ಳುವ ಮೊದಲು ಒಂದನ್ನು ತನ್ನಿ, ಮರಳಿಸುವ ಅವಧಿಯೊಳಗೇ ಪರೀಕ್ಷಿಸಿ. ತಯಾರಕರ ಆ್ಯಪನ್ನು ಫೋನಿಗೆ ಹಾಕಿಕೊಳ್ಳದೆ ನೇರವಾಗಿ ಗೂಗಲ್ ಅಥವಾ ಆಪಲ್‌ಗೆ ಜೋಡಿಸಿ. ಅನಂತರ ರೂಟರ್ ಚಾಲೂ ಇರುವಂತೆಯೇ ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ಲನ್ನು ಮಾತ್ರ ತೆಗೆದು, ಐಫೋನಿನ ಹೋಮ್ ಆ್ಯಪ್‌ನಿಂದ ಆನ್ ಆಫ್ ಮಾಡಿ ನೋಡಿ. ದೀಪ ಹತ್ತಿದರೆ ಆದೇಶ ಮನೆಯೊಳಗೇ ಸಾಗುತ್ತಿದೆ ಎಂದರ್ಥ. ಈ ಪರೀಕ್ಷೆಗೆ ಗೂಗಲ್‌ಗಿಂತ ಆಪಲ್‌ನ ಆ್ಯಪ್ ವಾಸಿ, ಏಕೆಂದರೆ ಇಂಟರ್ನೆಟ್ ಇಲ್ಲದಾಗ ಕೆಲವು ಆ್ಯಪ್‌ಗಳು ತಾವೇ ತೆರೆದುಕೊಳ್ಳುವುದಿಲ್ಲ; ಆಗ ತೊಡಕು ಆ್ಯಪ್‌ನದೋ ಸ್ವಿಚ್‌ನದೋ ತಿಳಿಯದು.

ಜೋಡಣೆಯಾಗಲಿಲ್ಲವೆಂದರೆ ಸ್ವಿಚ್ಚನ್ನು ದೂರುವ ಮೊದಲು ರೂಟರ್ ಕಡೆ ನೋಡಿ. ನಮ್ಮ ಮನೆಗಳಲ್ಲಿ ಫೈಬರ್ ಕಂಪನಿಯವರು ಹಾಕಿಕೊಟ್ಟ ರೂಟರ್ ಒಂದು, ಸಿಗ್ನಲ್ ಸಾಲದೆಂದು ನಾವೇ ತಂದು ಸೇರಿಸಿದ್ದು ಇನ್ನೊಂದು ಇರುವುದು ಸಾಮಾನ್ಯ. ಎರಡೂ ಬೇರೆ ಬೇರೆ ಜಾಲಗಳನ್ನು ಕಟ್ಟಿಕೊಂಡಿದ್ದು, ಫೋನ್ ಒಂದರಲ್ಲಿ, ಸ್ವಿಚ್ ಇನ್ನೊಂದರಲ್ಲಿ ಇದ್ದರೆ, ಒಂದೇ ಕೋಣೆಯಲ್ಲಿದ್ದರೂ ಅವು ಒಂದನ್ನೊಂದು ಕಾಣಲಾರವು. ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದರೆ ಎರಡೂ ಒಂದೇ ಜಾಲವಾಗುತ್ತವೆ. ಗೆಸ್ಟ್ ವೈ-ಫೈಗೆ ಸ್ವಿಚ್‌ಗಳನ್ನು ಸೇರಿಸಿದಾಗಲೂ ಇದೇ ತೊಂದರೆ ಬರುತ್ತದೆ.

ಪೆಟ್ಟಿಗೆಯ ಮೇಲೆ ಮ್ಯಾಟರ್ ಜೊತೆಗೆ ಥ್ರೆಡ್ ಎಂದೂ ಬರೆದಿದ್ದರೆ ಇನ್ನೊಂದು ವಿಷಯ ತಿಳಿದಿರಬೇಕು. ಅಂತಹ ಸಾಧನ ವೈ-ಫೈಗೆ ಸೇರದೆ, ಕಡಿಮೆ ವಿದ್ಯುತ್ ಬಳಸುವ ಥ್ರೆಡ್ ಜಾಲಕ್ಕೆ ಸೇರುತ್ತದೆ. ಆ ಜಾಲವನ್ನು ಮನೆಯ ರೂಟರ್‌ಗೆ ಬೆಸೆಯಲು ಬಾರ್ಡರ್ ರೂಟರ್ ಬೇಕು. ಹೋಮ್‌ಪಾಡ್ ಮಿನಿ ಈ ಕೆಲಸ ಮಾಡುತ್ತದೆ, ನೆಸ್ಟ್ ಮಿನಿ ಮಾಡುವುದಿಲ್ಲ. ಹಾಗಾಗಿ ಥ್ರೆಡ್ ಸ್ವಿಚ್‌ಗಳನ್ನು ಗೂಗಲ್‌ಗೂ ಆಪಲ್‌ಗೂ ಸೇರಿಸಿದ್ದರೂ, ನಿಮ್ಮ ಮನೆಯಲ್ಲಿ ಎರಡೂ ಫೋನ್‌ಗಳ ಆದೇಶಗಳು ಹೋಮ್‌ಪಾಡ್ ಮೂಲಕವೇ ಹೋಗುತ್ತವೆ. ಆಪಲ್ ಬೇಡವೆಂದು ಅದನ್ನು ಮಾರಿದ ದಿನ ಗೂಗಲ್ ಹೋಮ್‌ನಲ್ಲಿಯೂ ಸ್ವಿಚ್‌ಗಳು ಮಾಯವಾಗುತ್ತವೆ. ಗುರುತು ಮ್ಯಾಟರ್‌ನದೇ ಆಗಿದ್ದರೂ ಅವಲಂಬನೆ ಒಂದು ಪೆಟ್ಟಿಗೆಯ ಮೇಲೆ ಉಳಿದುಬಿಡುವ ಬಗೆ ಇದು. ಗೋಡೆಯೊಳಗಿನ ಸ್ವಿಚ್‌ಗಳಿಗೆ ವಿದ್ಯುತ್ ಕೈಯಳತೆಯಲ್ಲೇ ಇರುವುದರಿಂದ ಅವುಗಳಿಗೆ ವೈ-ಫೈ ಸಾಕು, ಥ್ರೆಡ್ ಏನಿದ್ದರೂ ಬ್ಯಾಟರಿಯ ಸೆನ್ಸರ್‌ಗಳಿಗಿರಲಿ ಎಂಬುದು ನನ್ನ ಅಭಿಪ್ರಾಯ.

ಮ್ಯಾಟರ್‌ಗೆ ದಾಟಲಾಗದ ಗಡಿಗಳೂ ಇವೆ. ಗೂಗಲ್‌ನಲ್ಲಿ ನೀವು ಬರೆದಿಟ್ಟ ‘ಸಂಜೆ ಆರಕ್ಕೆ ಜಗುಲಿಯ ದೀಪ ಹಚ್ಚು’ ಎಂಬ ನಿಯಮ ಆಪಲ್‌ಗೆ ತಾನಾಗಿ ಹೋಗುವುದಿಲ್ಲ, ಅಲ್ಲಿ ಮತ್ತೆ ಬರೆಯಬೇಕು. ಮಾನದಂಡದೊಳಗೆ ಇನ್ನೂ ಸೇರದ ಸೌಲಭ್ಯಗಳು ತಯಾರಕರ ಆ್ಯಪ್‌ನಲ್ಲಿ ಮಾತ್ರ ಸಿಗುತ್ತವೆ: ಪ್ಲಗ್ ಎಷ್ಟು ವಿದ್ಯುತ್ ಬಳಸಿತೆಂದು ತೋರಿಸುವ ವ್ಯವಸ್ಥೆ ಬಂದದ್ದು 2024ರ ಮೇ ತಿಂಗಳ 1.3 ಆವೃತ್ತಿಯಲ್ಲಿ, ಕ್ಯಾಮೆರಾಗಳು ಸೇರಿದ್ದು 2025ರ ನವೆಂಬರಿನ 1.5 ಆವೃತ್ತಿಯಲ್ಲಿ. ಮಾನದಂಡದಲ್ಲಿ ಬಂದದ್ದೆಲ್ಲ ಗೂಗಲ್, ಆಪಲ್ ಆ್ಯಪ್‌ಗಳಿಗೆ ಅದೇ ದಿನ ಬರುವುದೂ ಇಲ್ಲ. ಆದ್ದರಿಂದ ನಿಮಗೆ ಮುಖ್ಯವಾದ ಸೌಲಭ್ಯ ಯಾವುದೋ ಅದನ್ನೇ ಹೆಸರಿಸಿ ಅಂಗಡಿಯವರನ್ನು ಕೇಳಿ. ಫ್ಯಾನಿನ ವೇಗದ ನಿಯಂತ್ರಣ ಮ್ಯಾಟರ್ ಮೂಲಕವೇ ಸಿಗುತ್ತದೆಯೇ, ಅಥವಾ ಆನ್ ಆಫ್ ಮಾತ್ರವೇ ಎಂಬುದು ನಮ್ಮ ಮನೆಗಳಿಗೆ ಮೊದಲ ಪ್ರಶ್ನೆಯಾಗಬೇಕು. ಒಕ್ಕೂಟದ csa-iot.org ತಾಣದಲ್ಲಿ ಪ್ರಮಾಣಪತ್ರ ಪಡೆದ ಸಾಧನಗಳ ಪಟ್ಟಿಯಿದ್ದು, ಮಾಡೆಲ್ ಹೆಸರನ್ನು ಅಲ್ಲಿ ಹುಡುಕಬಹುದು.

ಎಲೆಕ್ಟ್ರಿಷಿಯನ್ ಹೇಳಿದಂತೆ ಒಂದೇ ಕಂಪನಿಯ ಸ್ವಿಚ್ ಹಾಕಿಸುವುದರಲ್ಲಿ ತಪ್ಪೇನಿಲ್ಲ, ಅವು ಮೇಲಿನ ಪರೀಕ್ಷೆಯಲ್ಲಿ ಗೆದ್ದಿದ್ದರೆ ಸರಿ. ಟೇಬಲ್ ಲ್ಯಾಂಪಿನ ಬಲ್ಬನ್ನು ಬದಲಿಸುವುದು ಸುಲಭ, ಗೋಡೆಯೊಳಗಿನ ಮಾಡ್ಯೂಲನ್ನು ಬದಲಿಸುವುದು ಹಾಗಲ್ಲ. ಹಣ ಸ್ವಲ್ಪ ಹೆಚ್ಚಾದರೂ ಮ್ಯಾಟರ್ ಬೇಕೆಂದು ಪಟ್ಟು ಹಿಡಿಯಬೇಕಾದದ್ದು ಅಲ್ಲಿಯೇ. ವೈರಿಂಗ್ ನಡೆಯುತ್ತಿರುವಾಗಲೇ ಪ್ರತಿ ಸ್ವಿಚ್ ಬಾಕ್ಸ್‌ಗೂ ನ್ಯೂಟ್ರಲ್ ತಂತಿ ಎಳೆಸಿ, ಅದಿಲ್ಲದಿದ್ದರೆ ಮುಂದೆ ಬೇರೆ ತಯಾರಕರ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು ಅಲ್ಲಿ ಕೂರುವುದಿಲ್ಲ. ಇಂತಹ ಮಾಡ್ಯೂಲ್‌ಗಳಲ್ಲಿ ಕೋಡ್‌ನ ಚೀಟಿ ಮಾಡ್ಯೂಲಿನ ಬೆನ್ನಿಗೇ ಇದ್ದು, ಸ್ವಿಚ್ ಪ್ಲೇಟ್ ಮುಚ್ಚಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಮುಚ್ಚುವ ಮೊದಲು ಪ್ರತಿಯೊಂದರ ಫೋಟೊ ತೆಗೆದು, ‘ಅಡುಗೆಮನೆ, ಸಿಂಕ್ ಮೇಲಿನ ದೀಪ’ ಎಂಬಂತೆ ಹೆಸರು ಬರೆದಿಡಿ, ಮತ್ತು ಪ್ಲೇಟ್ ಬಿಚ್ಚದೆ ಹೊರಗಿನ ಸ್ವಿಚ್ಚಿನಿಂದಲೇ ರೀಸೆಟ್ ಮಾಡುವ ಕ್ರಮವಿದೆಯೇ ಎಂದು ಎಲೆಕ್ಟ್ರಿಷಿಯನ್‌ರನ್ನು ಕೇಳಿ, ಅವರೆದುರಿಗೇ ಒಂದರಲ್ಲಿ ಮಾಡಿ ನೋಡಿ.