100 ರೂಪಾಯಿಗೆ 12 ಪೈಸೆ: ಠೇವಣಿ ವಿಮೆ ಯಾರ ಧೈರ್ಯವನ್ನು ಹೆಚ್ಚಿಸುತ್ತದೆ?

ಸಹಕಾರಿ ಬ್ಯಾಂಕುಗಳ ಲೆಕ್ಕಪರಿಶೋಧನೆಗೆ ಹೋದಾಗ ನಾನು ಕೌಂಟರಿನ ಬಳಿ ಸ್ವಲ್ಪ ಹೊತ್ತು ಕುಳಿತು ಠೇವಣಿದಾರರ ಮಾತನ್ನು ಕೇಳಿಸಿಕೊಳ್ಳುವುದುಂಟು. ಕೆಲವು ವರ್ಷಗಳ ಹಿಂದೆ ಒಂದು ಬ್ಯಾಂಕಿನಲ್ಲಿ ನಿವೃತ್ತ ಶಿಕ್ಷಕರೊಬ್ಬರು ಪತ್ನಿಯೊಂದಿಗೆ ಬಂದು, ಕೈಯಲ್ಲಿದ್ದ ಹದಿನೈದು ಲಕ್ಷ ರೂಪಾಯಿಯನ್ನು ತಮ್ಮ ಹೆಸರಿಗೆ ಒಂದು ಭಾಗ, ಪತ್ನಿಯ ಹೆಸರಿಗೆ ಒಂದು ಭಾಗ, ಇಬ್ಬರ ಜಂಟಿ ಹೆಸರಿಗೆ ಒಂದು ಭಾಗ ಎಂದು ಹಂಚಿ ಇಟ್ಟರು. ಅಲ್ಲಿನ ಬಡ್ಡಿ ಊರಿನ ಉಳಿದ ಬ್ಯಾಂಕುಗಳಿಗಿಂತ ಹೆಚ್ಚು ಕಡಿಮೆ ಒಂದೂವರೆ ಶೇಕಡಾ ಅಧಿಕವಾಗಿತ್ತು. "ಐದು ಲಕ್ಷದವರೆಗೆ ಇನ್ಶೂರೆನ್ಸ್ ಇದೆಯಲ್ಲ ಸರ್, ಇನ್ನೇನು ಯೋಚನೆ" ಎಂದು ಅವರು ಗುಮಾಸ್ತರಿಗೆ ಹೇಳಿದರು. ನಿಯಮದ ಪ್ರಕಾರ ಅವರ ಲೆಕ್ಕ ಸರಿಯಾಗಿಯೇ ಇತ್ತು. ಆ ಬ್ಯಾಂಕು ಅಷ್ಟು ಬಡ್ಡಿಯನ್ನು ಹೇಗೆ ಕೊಡುತ್ತಿದೆ ಎಂಬ ಪ್ರಶ್ನೆ ಮಾತ್ರ ಅವರಿಗೆ ಬೇಕಾಗಿರಲಿಲ್ಲ, ಏಕೆಂದರೆ ಅದರ ಉತ್ತರ ಏನೇ ಆದರೂ ಅವರ ಹಣಕ್ಕೆ ಧಕ್ಕೆಯಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ನೈತಿಕ ಅಪಾಯ ಎನ್ನುತ್ತಾರೆ: ನಷ್ಟವನ್ನು ಬೇರೆಯವರು ಹೊರುತ್ತಾರೆಂದು ಗೊತ್ತಿದ್ದಾಗ ಎಚ್ಚರ ತಾನಾಗಿ ಸಡಿಲವಾಗುವುದು. ಆ ಶಿಕ್ಷಕರನ್ನು ನಾನು ದೂಷಿಸಲಾರೆ. ಬ್ಯಾಂಕಿನ ಆಸ್ತಿ-ಹೊಣೆ ಪಟ್ಟಿಯನ್ನು ಓದಿ ಅದರ ಆರೋಗ್ಯವನ್ನು ಅಳೆಯುವುದು ಸಾಮಾನ್ಯ ಠೇವಣಿದಾರರಿಂದ ನಿರೀಕ್ಷಿಸುವ ಕೆಲಸವಲ್ಲ. ನನ್ನ ಆತಂಕವಿರುವುದು ಕೌಂಟರಿನ ಆಚೆ ಬದಿಯ ಬಗ್ಗೆ.

ಠೇವಣಿ ವಿಮೆ ನಮ್ಮಲ್ಲಿ ಹುಟ್ಟಿದ್ದು ನೋವಿನಿಂದ. 1960ರಲ್ಲಿ ಲಕ್ಷ್ಮಿ ಬ್ಯಾಂಕ್ ಮತ್ತು ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕ್ ಮುಳುಗಿದ ಬಳಿಕ, 1962ರ ಜನವರಿಯಿಂದ 1,500 ರೂಪಾಯಿಯ ಮಿತಿಯೊಂದಿಗೆ ವಿಮೆ ಜಾರಿಗೆ ಬಂತು. 1993ರಲ್ಲಿ ಒಂದು ಲಕ್ಷವಾದ ಮಿತಿ 2020ರ ಫೆಬ್ರವರಿಯಲ್ಲಿ ಐದು ಲಕ್ಷವಾಯಿತು. ಗಾಳಿಸುದ್ದಿಯೊಂದಕ್ಕೆ ಹೆದರಿ ಜನ ಸಾಲುಗಟ್ಟಿ ಹಣ ತೆಗೆದರೆ ಚೆನ್ನಾಗಿರುವ ಬ್ಯಾಂಕೂ ಕುಸಿಯಬಹುದು, ಆ ಭಯವನ್ನು ವಿಮೆ ತಗ್ಗಿಸುತ್ತದೆ. ಆದ್ದರಿಂದ ವಿಮೆ ಬೇಡವೆಂಬ ವಾದ ನನ್ನದಲ್ಲ. ಆ ವಿಮೆಗೆ ಬ್ಯಾಂಕುಗಳು ಕೊಟ್ಟುಕೊಂಡು ಬಂದ ಬೆಲೆಯನ್ನು ಗಮನಿಸಬೇಕು ಎಂಬುದಷ್ಟೇ ನನ್ನ ಮಾತು. 2020ರ ಏಪ್ರಿಲ್‌ನಿಂದ 100 ರೂಪಾಯಿ ಠೇವಣಿಗೆ ವರ್ಷಕ್ಕೆ 12 ಪೈಸೆಯ ಪ್ರೀಮಿಯಂ ನಿಗದಿಯಾಯಿತು. ಎಚ್ಚರದಿಂದ ಸಾಲ ಕೊಡುವ ಬ್ಯಾಂಕಿಗೂ 12 ಪೈಸೆ, ಒಬ್ಬನೇ ಬಿಲ್ಡರನಿಗೆ ಅರ್ಧ ಬ್ಯಾಂಕನ್ನೇ ಒಪ್ಪಿಸಿದವರಿಗೂ ಅದೇ 12 ಪೈಸೆ. ಈ ಠೇವಣಿ ವಿಮೆಯನ್ನು ನಡೆಸುವ ನಿಗಮಕ್ಕೆ ಬರುವ ಪ್ರೀಮಿಯಂನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ವಾಣಿಜ್ಯ ಬ್ಯಾಂಕುಗಳು ಕಟ್ಟುತ್ತವೆ. ಆದರೆ ನಿಗಮ ಆರಂಭವಾದಂದಿನಿಂದ 27 ವಾಣಿಜ್ಯ ಬ್ಯಾಂಕುಗಳ ಠೇವಣಿದಾರರಿಗೆ ಸಂದ ಪರಿಹಾರ ಸುಮಾರು 296 ಕೋಟಿ ರೂಪಾಯಿ ಮಾತ್ರ, ಉಳಿದ ಸಾವಿರಾರು ಕೋಟಿ ಹೋದದ್ದು ಸಹಕಾರಿ ಬ್ಯಾಂಕುಗಳ ಕಡೆಗೆ.

ಬೆಲೆ ಒಂದೇ ಆಗಿದ್ದರೆ ಸಾಹಸ ಏಕೆ ಹೆಚ್ಚುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಒಂದು ಬ್ಯಾಂಕಿನ ಬಳಿ 100 ಕೋಟಿಯ ಆಸ್ತಿ ಇದೆ, ಅಂದರೆ ಅದು ಕೊಟ್ಟಿರುವ ಸಾಲ ಮತ್ತು ಹೂಡಿಕೆ. ಅದರಲ್ಲಿ 90 ಕೋಟಿ ಠೇವಣಿದಾರರದು, 10 ಕೋಟಿ ಷೇರುದಾರರ ಬಂಡವಾಳ. ಹಳೆಯ ಸಾಲಗಳಲ್ಲಿ 9 ಕೋಟಿ ಮುಳುಗಿದರೆ ಬಂಡವಾಳ ಒಂದು ಕೋಟಿಗೆ ಇಳಿಯುತ್ತದೆ. ಈಗ ಒಬ್ಬ ಸಾಲಗಾರ 20 ಕೋಟಿ ಕೇಳಿಕೊಂಡು ಬರುತ್ತಾನೆ. ಅವನ ಯೋಜನೆ ಗೆದ್ದರೆ ಬ್ಯಾಂಕಿಗೆ 10 ಕೋಟಿ ಲಾಭ, ಸೋತರೆ 20 ಕೋಟಿಯೂ ಹೋಗುತ್ತದೆ, ಎರಡಕ್ಕೂ ಸಮಾನ ಸಾಧ್ಯತೆ. ಸರಾಸರಿಯಲ್ಲಿ ಇದು 5 ಕೋಟಿ ನಷ್ಟದ ವ್ಯವಹಾರ, ಯಾವ ವಿವೇಕಿ ಬ್ಯಾಂಕರೂ ಒಪ್ಪಬಾರದ್ದು. ಆದರೆ ಷೇರುದಾರರ ಕಡೆಯಿಂದ ನೋಡಿದರೆ, ಗೆದ್ದಾಗ ಬಂಡವಾಳ 11 ಕೋಟಿಯಾಗುತ್ತದೆ, ಸೋತಾಗ ಸೊನ್ನೆ, ಏಕೆಂದರೆ ಸೊನ್ನೆಗಿಂತ ಕೆಳಗೆ ಅವರೇನೂ ಕಳೆದುಕೊಳ್ಳುವುದಿಲ್ಲ. ಸರಾಸರಿ ಐದೂವರೆ ಕೋಟಿ, ಸುಮ್ಮನಿದ್ದರೆ ಒಂದೇ ಕೋಟಿ. ಸೋತಾಗ ಬ್ಯಾಂಕಿನಲ್ಲಿ ಉಳಿಯುವುದು 71 ಕೋಟಿ, ಠೇವಣಿ 90 ಕೋಟಿ. ನಡುವಿನ 19 ಕೋಟಿಯನ್ನು ವಿಮೆ ಮತ್ತು ಮಿತಿ ಮೀರಿದ ಠೇವಣಿದಾರರು ತುಂಬಬೇಕು.

ಅದೇ ಸಾಲಗಾರ 20 ಕೋಟಿ ಬಂಡವಾಳವಿರುವ ಬ್ಯಾಂಕಿಗೆ ಹೋಗಿದ್ದರೆ ಗೆಲುವಿನಲ್ಲಿ ಅದು 30 ಆಗುತ್ತಿತ್ತು, ಸೋಲಿನಲ್ಲಿ ಸೊನ್ನೆ, ಸರಾಸರಿ 15. ಇರುವ 20ಕ್ಕಿಂತ ಅದು ಕಡಿಮೆ, ಹಾಗಾಗಿ ಆ ಬ್ಯಾಂಕು ಅವನನ್ನು ಬಾಗಿಲಿನಿಂದಲೇ ಕಳುಹಿಸುತ್ತಿತ್ತು. ಎರಡೂ ಕಡೆ ವಿಮೆ ಒಂದೇ, ಮನುಷ್ಯರೂ ಒಂದೇ ಬಗೆಯವರು, ಬಂಡವಾಳ ಮಾತ್ರ ಬೇರೆ. ಆದ್ದರಿಂದ ವಿಮೆ ಅಪಾಯಕಾರಿಯಾಗುವುದು ಬಂಡವಾಳ ಕರಗಿದ ಮೇಲೂ ಬ್ಯಾಂಕು ಬಾಗಿಲು ತೆರೆದುಕೊಂಡು ಠೇವಣಿ ಸಂಗ್ರಹಿಸುತ್ತಿರುವ ಅವಧಿಯಲ್ಲಿ. ಅಮೆರಿಕದ ಉಳಿತಾಯ ಮತ್ತು ಗೃಹಸಾಲ ಸಂಸ್ಥೆಗಳ ಬಿಕ್ಕಟ್ಟಿನಲ್ಲಿ ಇದೇ ನಡೆಯಿತು. 1980ರ ದಶಕದ ಆರಂಭದಲ್ಲಿ ಬಡ್ಡಿದರ ಏರಿ ಅನೇಕ ಸಂಸ್ಥೆಗಳು ಒಳಗಿನಿಂದ ದಿವಾಳಿಯಾಗಿದ್ದವು. ಅವನ್ನು ಮುಚ್ಚುವ ಬದಲು ವಿಮಾ ಮಿತಿಯನ್ನು 40,000 ಡಾಲರಿನಿಂದ ಒಂದು ಲಕ್ಷ ಡಾಲರಿಗೆ ಏರಿಸಿ, ಹೊಸ ಬಗೆಯ ಸಾಲಗಳಿಗೆ ಅವಕಾಶ ಕೊಟ್ಟು, ಕಾಯಲಾಯಿತು. 1986ರಿಂದ 1995ರವರೆಗೆ 1,043 ಸಂಸ್ಥೆಗಳು ಮುಚ್ಚಿ, ತೆರಿಗೆದಾರರ ಮೇಲೆ ಬಿದ್ದ ಹೊರೆ ಸುಮಾರು 124 ಬಿಲಿಯನ್ ಡಾಲರ್.

ನಮ್ಮ ಸಹಕಾರಿ ಬ್ಯಾಂಕುಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಎಳೆ ಸೇರುತ್ತದೆ. ಇಲ್ಲಿ ಸಾಲ ಪಡೆಯುವವರು ಸಾಲದ ಒಂದು ಅಂಶಕ್ಕೆ ಷೇರು ಕೊಳ್ಳಬೇಕು: ಭದ್ರತೆಯಿರುವ ಸಾಲಕ್ಕೆ ಶೇ 2.5, ಇಲ್ಲದ ಸಾಲಕ್ಕೆ ಶೇ 5 ಎಂಬುದು ರೂಢಿಯ ನಿಯಮ. ಹಾಗಾಗಿ ಮತದ ಹಕ್ಕು ಸಾಲಗಾರ ಸದಸ್ಯರ ಕೈಯಲ್ಲಿರುತ್ತದೆ, ಕೇವಲ ಠೇವಣಿ ಇಟ್ಟವರಿಗೆ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಮಾತೇ ಇರುವುದಿಲ್ಲ. ಲಾಭಾಂಶಕ್ಕೆ ಮಿತಿ ಇರುವುದರಿಂದ ಷೇರಿನ ಮೇಲಿನ ಆಸೆಗೆ ಇಲ್ಲಿ ಹೆಚ್ಚಿನ ಸ್ಥಾನವಿಲ್ಲ. ಅಪಾಯದ ಲಾಭ ಹರಿಯುವುದು ಸಾಲದ ರೂಪದಲ್ಲಿ, ತಮ್ಮವರಿಗೆ. ನಾನು ಕಂಡ ಒಂದು ಬ್ಯಾಂಕಿನಲ್ಲಿ ಮಾರ್ಚ್ ಕೊನೆಯ ವಾರದಲ್ಲಿ ಬಾಕಿದಾರರೊಬ್ಬರ ಸಂಬಂಧಿಯ ಹೆಸರಿಗೆ ಹೊಸ ಸಾಲ ಮಂಜೂರಾಗಿ, ಅದೇ ದಿನ ಆ ಹಣ ಹಳೆಯ ಸಾಲದ ಅಸಲು ಬಡ್ಡಿಗೆ ಜಮೆಯಾಗಿತ್ತು. ಪುಸ್ತಕದಲ್ಲಿ ಸಾಲ ಚೊಕ್ಕವಾಗಿತ್ತು, ಬಡ್ಡಿ ಆದಾಯವಾಗಿತ್ತು, ಆದರೆ ಹೊರಗಿನಿಂದ ಒಂದು ರೂಪಾಯಿಯೂ ಬಂದಿರಲಿಲ್ಲ. ಹೀಗೆ ನಡೆಸಲು ಪ್ರತಿ ವರ್ಷ ಹೊಸ ಠೇವಣಿ ಬೇಕು, ಹೊಸ ಠೇವಣಿಗೆ ಹೆಚ್ಚಿನ ಬಡ್ಡಿ ಬೇಕು. ಆ ನಿವೃತ್ತ ಶಿಕ್ಷಕರಿಗೆ ಸಿಕ್ಕ ಒಂದೂವರೆ ಶೇಕಡಾದಂಥ ಬಡ್ಡಿಯನ್ನು ಕಂಡಾಗ ನಾನು ಮೊದಲು ನೋಡುವುದು ಎರಡನ್ನು: ಬರಬೇಕಾದ ಬಡ್ಡಿಯ ಬಾಕಿ ಸಾಲಕ್ಕಿಂತ ವೇಗವಾಗಿ ಬೆಳೆಯುತ್ತಿದೆಯೇ, ಮತ್ತು ಒಟ್ಟು ಸಾಲದಲ್ಲಿ ಮೊದಲ ಇಪ್ಪತ್ತು ಸಾಲಗಾರರ ಪಾಲು ಎಷ್ಟು.

ಕೇಂದ್ರ ಬ್ಯಾಂಕಿನ ನೆರವಿನ ವಿಷಯ ಇದಕ್ಕೆ ಹತ್ತಿರದ್ದು, ಆದರೆ ಇಲ್ಲಿ ವಿಮೆಯಂತೆ ಬರೆದಿಟ್ಟ ಮಿತಿಯಿಲ್ಲ. ಹಳೆಯ ಸೂತ್ರದ ಪ್ರಕಾರ ಕೈಯಲ್ಲಿ ನಗದಿಲ್ಲದಿದ್ದರೂ ಆಸ್ತಿ ಗಟ್ಟಿಯಾಗಿರುವ ಬ್ಯಾಂಕಿಗೆ, ಒಳ್ಳೆಯ ಭದ್ರತೆಯ ಮೇಲೆ, ಹೆಚ್ಚಿನ ಬಡ್ಡಿಗೆ ಧಾರಾಳವಾಗಿ ಸಾಲ ಕೊಡಬೇಕು, ದಿವಾಳಿಯಾದ ಬ್ಯಾಂಕಿಗೆ ಕೊಡಬಾರದು. ಬಿಕ್ಕಟ್ಟಿನ ರಾತ್ರಿ ಈ ಎರಡನ್ನು ಬೇರ್ಪಡಿಸುವುದು ಬಹಳ ಕಷ್ಟ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಂದಾಗ ಒಬ್ಬರು 50,000 ರೂಪಾಯಿ ಮಾತ್ರ ತೆಗೆಯಬಹುದಿತ್ತು. ಅದು ಕೊಟ್ಟ ಸಾಲದ ಮೊತ್ತ 2019ರ ಮಾರ್ಚ್‌ವರೆಗಿನ ಐದು ವರ್ಷಗಳಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಬೆಳೆದಿತ್ತು. ಸ್ಟೇಟ್ ಬ್ಯಾಂಕಿನ ಮುಂದಾಳತ್ವದಲ್ಲಿ ಬ್ಯಾಂಕುಗಳು 10,000 ಕೋಟಿ ಹೂಡಿದವು, ಅಗತ್ಯ ನಗದು ಒದಗಿಸುವುದಾಗಿ ರಿಸರ್ವ್ ಬ್ಯಾಂಕ್ ಹೇಳಿತು, ಮಾರ್ಚ್ 18ಕ್ಕೆ ನಿರ್ಬಂಧ ತೆರವಾಯಿತು. ಐದು ಲಕ್ಷ ಇಟ್ಟವರಿಗೂ ಐದು ಕೋಟಿ ಇಟ್ಟವರಿಗೂ ಪೂರ್ತಿ ಹಣ ಸಿಕ್ಕಿತು.

ಅದಕ್ಕೂ ಎರಡು ತಿಂಗಳ ಮೊದಲು, ಅದೇ 2020ರ ಜನವರಿಯಲ್ಲಿ, ಬೆಂಗಳೂರಿನ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 35,000 ರೂಪಾಯಿಯ ಮಿತಿ ಬಿದ್ದಿತ್ತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟ ಹಿರಿಯರು ಬೀದಿಯಲ್ಲಿ ನಿಂತದ್ದನ್ನು ಈ ಊರಿನವರು ಮರೆತಿರಲಾರರು. ಅವರಿಗೆ ಐದು ಲಕ್ಷದವರೆಗಿನ ವಿಮಾ ಹಣ ಸಿಗುವುದಕ್ಕೂ 2021ರ ಕಾನೂನು ತಿದ್ದುಪಡಿ ಬರಬೇಕಾಯಿತು. ನಿರ್ಬಂಧ ಹೇರಿದ 90 ದಿನಗಳೊಳಗೆ ಹಣ ಕೊಡಬೇಕೆಂಬ ನಿಯಮ ಆಗ ಸೇರಿತು. ಈ ಎರಡು ಘಟನೆಗಳನ್ನು ಒಟ್ಟಿಗೆ ಕಂಡ ದೊಡ್ಡ ಠೇವಣಿದಾರರು ಕಲಿತ ಪಾಠ ಒಂದೇ: ಬ್ಯಾಂಕು ಚೆನ್ನಾಗಿದೆಯೇ ಎಂದು ನೋಡುವುದಕ್ಕಿಂತ ಅದು ದೊಡ್ಡದಾಗಿದೆಯೇ ಎಂದು ನೋಡಿದರೆ ಸಾಕು. ಹೀಗಾದಾಗ ದೊಡ್ಡ ಬ್ಯಾಂಕಿಗೆ ಠೇವಣಿ ಅಗ್ಗವಾಗಿ ಸಿಗುತ್ತದೆ, ಅದರ ಸಾಲಗಳ ಗುಣವನ್ನು ಪ್ರಶ್ನಿಸುವವರು ಕಡಿಮೆಯಾಗುತ್ತಾರೆ.

ಯೆಸ್ ಬ್ಯಾಂಕಿನಲ್ಲಿ ಯಾರೂ ನಷ್ಟ ಹೊರಲಿಲ್ಲ ಎನ್ನುವುದು ಮಾತ್ರ ತಪ್ಪು. ನೂರಕ್ಕಿಂತ ಹೆಚ್ಚು ಷೇರು ಹೊಂದಿದ್ದ ಹಳೆಯ ಷೇರುದಾರರ ಮುಕ್ಕಾಲು ಪಾಲು ಷೇರುಗಳು ಮೂರು ವರ್ಷ ಮಾರಾಟ ಮಾಡಲಾಗದಂತೆ ಕಟ್ಟಿಬಿದ್ದವು, 8,415 ಕೋಟಿ ರೂಪಾಯಿಯ ಹೆಚ್ಚುವರಿ ಬಂಡವಾಳ ಬಾಂಡುಗಳನ್ನು ಸೊನ್ನೆ ಮಾಡಲಾಯಿತು. ಆ ಬಾಂಡುಗಳ ನಿರ್ಧಾರವನ್ನು 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ರದ್ದುಪಡಿಸಿ, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ನೆರವು ಕೊಡಲೇಬೇಕಾದ ಸಂದರ್ಭದಲ್ಲಿ ಬಂಡವಾಳ ಹಾಕಿದವರು ಮೊದಲು ನಷ್ಟ ಹೊರಬೇಕೆಂಬ ಕ್ರಮವೇ ಸರಿಯೆಂದು ನಾನು ನಂಬುತ್ತೇನೆ. ಆ ಕ್ರಮ ಗಟ್ಟಿಯಾಗಿದ್ದರೆ ಮುಂದಿನ ಬ್ಯಾಂಕಿನ ಬಾಂಡು ಕೊಳ್ಳುವವರು ಸಾಲದ ಪುಸ್ತಕವನ್ನು ಕೇಳಿ ನೋಡುತ್ತಾರೆ.

2025ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಮುಂದಿನ ಆರ್ಥಿಕ ವರ್ಷದಿಂದ ಪ್ರೀಮಿಯಂ ಬ್ಯಾಂಕಿನ ಅಪಾಯಕ್ಕೆ ತಕ್ಕಂತೆ ಇರುವುದೆಂದು ಪ್ರಕಟಿಸಿತು. ಬಹುಕಾಲದಿಂದ ಬೇಕಾಗಿದ್ದ ಹೆಜ್ಜೆ ಇದು. ಆದರೆ ಇದರಲ್ಲಿ 12 ಪೈಸೆಯೇ ಮೇಲ್ಮಿತಿ, ಸದೃಢ ಬ್ಯಾಂಕುಗಳಿಗೆ ಅದಕ್ಕಿಂತ ಕಡಿಮೆ. ದುರ್ಬಲ ಬ್ಯಾಂಕು ಮೊದಲಿಗಿಂತ ಹೆಚ್ಚೇನೂ ಕಟ್ಟುವುದಿಲ್ಲ, ರಿಯಾಯಿತಿಯನ್ನು ಮಾತ್ರ ಕಳೆದುಕೊಳ್ಳುತ್ತದೆ. ಮೇಲಿನ ಲೆಕ್ಕದ ಬ್ಯಾಂಕು ಕೆಲವು ಪೈಸೆಯ ರಿಯಾಯಿತಿಗಾಗಿ 10 ಕೋಟಿಯ ಆಸೆಯನ್ನು ಬಿಡಲಾರದು. ಅದನ್ನು ತಡೆಯಬಲ್ಲದ್ದು ಬಂಡವಾಳ ತೆಳುವಾದ ಕೂಡಲೇ ಹೊಸ ಸಾಲ ಮತ್ತು ಹೊಸ ಠೇವಣಿಗೆ ಬೀಳುವ ಕಡಿವಾಣ. ನಗರ ಸಹಕಾರಿ ಬ್ಯಾಂಕುಗಳಿಗೆ 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ತ್ವರಿತ ಸುಧಾರಣಾ ಕ್ರಮದ ಚೌಕಟ್ಟು ಇದೇ ಉದ್ದೇಶದ್ದು.

ಪ್ರೀಮಿಯಂ ಆಗಲಿ, ಕಡಿವಾಣವಾಗಲಿ, ಎರಡೂ ನಿಂತಿರುವುದು ಬ್ಯಾಂಕು ತಾನೇ ಬರೆದುಕೊಟ್ಟ ಅಂಕಿಗಳ ಮೇಲೆ. ಮುಂಬೈಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕು 2019ರ ಮಾರ್ಚ್‌ನ ತನ್ನ ವಾರ್ಷಿಕ ವರದಿಯಲ್ಲಿ ತೋರಿಸಿದ ವಸೂಲಾಗದ ಸಾಲ ಶೇ 3.76. ಆರು ತಿಂಗಳ ಬಳಿಕ ರಿಸರ್ವ್ ಬ್ಯಾಂಕ್ ಅದರ ಠೇವಣಿದಾರರಿಗೆ 1,000 ರೂಪಾಯಿಯ ಮಿತಿ ಹಾಕಿತು. ಸಾಲದ ಶೇ 70ಕ್ಕೂ ಹೆಚ್ಚು ಒಂದೇ ರಿಯಲ್ ಎಸ್ಟೇಟ್ ಸಮೂಹಕ್ಕೆ ಹೋಗಿ, 21,049 ನಕಲಿ ಖಾತೆಗಳ ಹಿಂದೆ ಅಡಗಿದ್ದು ಆಗ ಹೊರಬಂತು. ಆ ವರ್ಷದ ಮಾರ್ಚ್‌ನಲ್ಲಿ ಹೊಸ ಪ್ರೀಮಿಯಂ ಪದ್ಧತಿ ಇದ್ದು, ಅಂಕಿಗಳನ್ನು ಮಾತ್ರ ನೋಡಿದ್ದರೆ, ಆ ಬ್ಯಾಂಕಿಗೆ ರಿಯಾಯಿತಿಯೇ ಸಿಗುತ್ತಿತ್ತೇನೋ.