ಅಗಿಯುವುದು ಕಡಿಮೆ, ದವಡೆಗಿಡುವುದು ಹೆಚ್ಚು

"ಡಾಕ್ಟ್ರೇ, ಆ ಗಮ್ ನಂಗೆ ಆಗಿಬರಲ್ಲ. ಬಿಕ್ಕಳಿಕೆ, ಎದೆಯುರಿ. ಬೀಡಿ ಆಸೇನೂ ಹೋಗಲಿಲ್ಲ." ದಂತವೈದ್ಯನಾದ ನನಗೆ ಈ ದೂರು ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಹೀಗೆಂದ ಲಾರಿ ಚಾಲಕರಿಗೆ, ಬೀಡಿ ಬಿಡಲೆಂದು ಕೊಡುವ ಆ ನಿಕೋಟಿನ್ ಗಮ್ ಒಂದನ್ನು ನನ್ನೆದುರೇ ಅಗಿದು ತೋರಿಸಿ ಎಂದೆ. ಬಬಲ್ ಗಮ್ಮಿನಂತೆ ಬಿಡದೆ ಅಗಿದರು, ಊರಿದ ಜೊಲ್ಲನ್ನೆಲ್ಲ ನುಂಗಿದರು.

ಅವರ ಎರಡೂ ದೂರುಗಳಿಗೆ ಕಾರಣ ಇದೊಂದೇ. ಗಮ್ಮಿನ ನಿಕೋಟಿನ್ ರಕ್ತಕ್ಕೆ ಸೇರಬೇಕಾದ್ದು ಕೆನ್ನೆಯ ಒಳಪದರದಿಂದ. ನುಂಗಿದ್ದು ಗಂಟಲು, ಹೊಟ್ಟೆಯನ್ನು ಕೆರಳಿಸುತ್ತದೆ. ಆಮೇಲೆ ಯಕೃತ್ತಿಗೆ ಹೋಗಿ ಬಹುಪಾಲು ಅಲ್ಲೇ ಕರಗಿಹೋಗುತ್ತದೆ. ಹೊಟ್ಟೆಗೆ ಉರಿ ಸಿಕ್ಕಿತು, ಬೀಡಿ ಬೇಡುವ ಮಿದುಳಿಗೆ ಹೆಚ್ಚೇನೂ ಸಿಗಲಿಲ್ಲ.

ನಿಧಾನವಾಗಿ ಅಗಿಯಿರಿ. ಮೆಣಸಿನಂಥ ಖಾರವೋ ಚುರುಗುಟ್ಟುವಿಕೆಯೋ ತೋರಿದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆಗೂ ವಸಡಿಗೂ ನಡುವೆ ಇಡಿ. ಸುಮಾರು ಒಂದು ನಿಮಿಷಕ್ಕೆ ಚುರುಗು ಇಳಿಯುತ್ತದೆ. ಆಗ ಮತ್ತೆ ಕೆಲವು ಸಲ ಅಗಿದು, ಈ ಬಾರಿ ಬೇರೆ ಕಡೆ ಇಡಿ. ಗಡಿಯಾರ ನೋಡುವುದು ಬೇಡ, ಬಾಯಿಯೇ ಹೇಳುತ್ತದೆ. ಹೀಗೆ ಅರ್ಧ ಗಂಟೆ; ಅಗಿದರೂ ಚುರುಗುಟ್ಟದಿದ್ದರೆ ಗಮ್ಮಿನ ಕೆಲಸ ಮುಗಿದಂತೆ.

"ನಮ್ಮವ್ವ ಹೊಗೆಸೊಪ್ಪು ಒತ್ತರಿಸಿಕೊಂಡಂಗಾ?" ಎಂದರು. ಹೌದು, ಹಾಗೇ! ಅಷ್ಟೇ ಅಲ್ಲ, ಹೊಗೆಸೊಪ್ಪಿಗೆ ಸುಣ್ಣ ಹಚ್ಚುವ ಮರ್ಮವೂ ಇಲ್ಲಿದೆ. ಬಾಯಿ ಕ್ಷಾರವಾಗಿದ್ದರೆ ಮಾತ್ರ ನಿಕೋಟಿನ್ ಕೆನ್ನೆಯನ್ನು ಸುಲಭವಾಗಿ ದಾಟುತ್ತದೆ. ಅದಕ್ಕೇ ಗಮ್ಮಿನಲ್ಲೂ ಕ್ಷಾರದ ಲವಣ ಬೆರೆಸಿರುತ್ತಾರೆ. ಕಾಫಿ, ಹಣ್ಣಿನ ರಸ, ಸೋಡಾ ಹುಳಿ ಪದಾರ್ಥಗಳು. ಆ ಕ್ಷಾರವನ್ನು ಕೆಡಿಸುತ್ತವೆ. ಗಮ್ ಹಾಕುವ 15 ನಿಮಿಷ ಮೊದಲಿಂದ ಉಗಿಯುವವರೆಗೆ ನೀರಿನ ಹೊರತು ಏನೂ ಬೇಡ. ನಮ್ಮ ಚಾಲಕರು ಢಾಬಾದಲ್ಲಿ ಕಾಫಿ ಕುಡಿದೆದ್ದು ನೇರ ಗಮ್ ಹಾಕುತ್ತಿದ್ದರು.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂ. ನಿಕೋಟಿನ್ ಇರುವ ಗಮ್, ಉಳಿದವರಿಗೆ 2 ಮಿ.ಗ್ರಾಂ. ಆದರೆ ಇದನ್ನು ನೀವೇ ತೀರ್ಮಾನಿಸಬೇಡಿ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕಟ್ಟಿಸಿಕೊಂಡ ಹಲ್ಲಿದ್ದರೆ ಗಮ್ ಅಂಟಿ ಕಿತ್ತುಬರಬಹುದು, ಅದನ್ನೂ ತಿಳಿಸಿ. ಮೊದಲ ಆರು ವಾರ ಒಂದೆರಡು ಗಂಟೆಗೊಂದು ಬೇಕಾಗುತ್ತದೆ. ಆಸೆ ತಲೆಗೇರಿದ ಮೇಲೆ ಹಾಕಿಕೊಂಡರೆ ತಡವಾಯಿತು, ಏಕೆಂದರೆ ಇದು ಬೀಡಿಯಷ್ಟು ಬೇಗ ಏರುವುದಿಲ್ಲ.

ಎರಡು ವಾರ ಬಿಟ್ಟು ಅದೇ ಚಾಲಕರು ಬಂದರು. ಬಿಕ್ಕಳಿಕೆ ನಿಂತಿತ್ತು. ಬೀಡಿ ದಿನಕ್ಕೆರಡು ಉಳಿದಿತ್ತು, ಎರಡೂ ಕಾಫಿಯ ಬೆನ್ನಿಗೆ. ಆ ಹೊತ್ತಿಗೆ ಕಾಫಿ ಬಿಟ್ಟು ನೀರು ಕುಡಿದು, ಗಮ್ ಮೊದಲೇ ದವಡೆಗಿಡಲು ಹೇಳಿ ಕಳಿಸಿದ್ದೇನೆ.